ಒಂದೇ ಎಎಚ್‌ಯು, ಮೂರು ಬಗೆಯ ಕೋಣೆಗಳು: ಹೊರಗಾಳಿಯ ಲೆಕ್ಕ ಹಾಕುವುದು ಹೇಗೆ?

ಬಳ್ಳಾರಿಯಲ್ಲಿ ಹೊಸಪೇಟೆ ರಸ್ತೆಯ ಕಡೆಗಿರುವ ಒಂದು ತರಬೇತಿ ಕಟ್ಟಡಕ್ಕೆ ಕಳೆದ ಬೇಸಿಗೆಯಲ್ಲಿ ಹೋಗಿದ್ದೆ. ಅಲ್ಲಿ ಗಾಳಿಯನ್ನು ತಣಿಸಿ ಹಂಚುವ ಯಂತ್ರ, ಅಂದರೆ ಒಂದೇ ಎಎಚ್‌ಯು, ಮೂರು ಕೋಣೆಗಳಿಗೆ ತಂಪು ಗಾಳಿ ಕೊಡುತ್ತದೆ: ಇಪ್ಪತ್ತು ಮಂದಿಯ ಕಚೇರಿ, ಇಪ್ಪತ್ತು ಮಂದಿಯ ಸಭಾಕೋಣೆ, ಐವತ್ತು ಮಂದಿ ಕೂರುವ ಉಪನ್ಯಾಸ ಹಾಲ್. ಅದನ್ನು ನಡೆಸುವ ಆಪರೇಟರ್ ಹೇಳಿದ ಮಾತು ಹೀಗಿತ್ತು: “ಕಚೇರಿಯವ್ರು ಏನೂ ಅನ್ನಂಗಿಲ್ರಿ, ಹಾಲ್‌ನಾಗ ಮಾತ್ರ ಮಧ್ಯಾಹ್ನ ಉಸಿರು ಕಟ್ಟಿದಂಗ ಆಗ್ತೈತ್ರಿ.” ಮೀಟರ್ ಹಿಡಿದು ನೋಡಿದಾಗ ಕೋಣೆಗಳಿಂದ ಗಾಳಿ ಮರಳುವ ರಿಟರ್ನ್ ಡಕ್ಟ್‌ನಲ್ಲಿ ಇಂಗಾಲದ ಡೈಆಕ್ಸೈಡ್ 1500 ಪಿಪಿಎಂ ಹತ್ತಿರವಿದ್ದರೆ ಹಾಲ್‌ನಲ್ಲಿ 2100ರ ಸಮೀಪವಿತ್ತು. ಹೊರಗಾಳಿಯನ್ನು ಮೂರು ಕೋಣೆಗಳ ಅಗತ್ಯವನ್ನು ಬರೀ ಕೂಡಿ ನಿಗದಿ ಮಾಡಿದ್ದೇ ತಪ್ಪಾಗಿತ್ತು.

ಮೊದಲು ಪ್ರತಿ ಕೋಣೆಯ ಅಗತ್ಯವನ್ನು ಬೇರೆ ಬೇರೆಯಾಗಿ ತೆಗೆಯಬೇಕು. ಅಮೆರಿಕದ ಹವಾನಿಯಂತ್ರಣ ಎಂಜಿನಿಯರುಗಳ ಸಂಸ್ಥೆಯಾದ ಅಶ್ರೇಯ 62.1 ಮಾನದಂಡದಲ್ಲಿ ಈ ಅಗತ್ಯಕ್ಕೆ ಎರಡು ಪಾಲುಗಳಿವೆ. ಒಂದು ಪಾಲು ಅಲ್ಲಿರುವ ಜನರಿಗಾಗಿ, ಇನ್ನೊಂದು ನೆಲ, ಪೀಠೋಪಕರಣ, ಬಣ್ಣಗಳಿಂದ ಹೊರಡುವ ವಾಸನೆಗಾಗಿ. ಕಚೇರಿಗೂ ಸಭಾಕೋಣೆಗೂ ತಲೆಗೆ ಸೆಕೆಂಡಿಗೆ 2.5 ಲೀಟರ್, ಉಪನ್ಯಾಸ ಹಾಲ್‌ಗೆ ತಲೆಗೆ 3.8 ಲೀಟರ್, ಮೂರಕ್ಕೂ ನೆಲದ ಚದರ ಮೀಟರಿಗೆ 0.3 ಲೀಟರ್. ನಮ್ಮ ಹಾಲ್ 80 ಚದರ ಮೀಟರ್ ಇರುವುದರಿಂದ ಅದಕ್ಕೆ 190 ಮತ್ತು 24 ಸೇರಿ 214 ಲೀಟರ್ ಬೇಕು. ಇದೇ ರೀತಿ 200 ಚದರ ಮೀಟರಿನ ಕಚೇರಿಗೆ 110, 50 ಚದರ ಮೀಟರಿನ ಸಭಾಕೋಣೆಗೆ 65 ಲೀಟರ್. ತಂಪು ಗಾಳಿ ಛಾವಣಿಯಿಂದ ಬೀಳುವ ಕಡೆ ಈ ಸಂಖ್ಯೆಗಳನ್ನು ಹಾಗೆಯೇ ಬಳಸಬಹುದು.

ಒಟ್ಟು ಅಗತ್ಯ ತೆಗೆಯುವಾಗ ಒಂದು ರಿಯಾಯಿತಿ ಇದೆ. ಕುರ್ಚಿಗಳು ತೊಂಬತ್ತಿದ್ದರೂ ಹಾಲ್ ತುಂಬಿದಾಗ ಕಚೇರಿ ಅರ್ಧ ಖಾಲಿಯಾಗುವುದರಿಂದ ಕಟ್ಟಡದಲ್ಲಿ ಒಮ್ಮೆಗೆ 63 ಜನರಿಗಿಂತ ಹೆಚ್ಚು ಇರುವುದಿಲ್ಲ. ಆದ್ದರಿಂದ ಜನರ ಪಾಲನ್ನು ಮಾತ್ರ 0.7ರಿಂದ ಗುಣಿಸಬೇಕು, ನೆಲದ ಪಾಲಿಗೆ ರಿಯಾಯಿತಿ ಇಲ್ಲ. ಆಗ 302 ಲೀಟರ್ ಬರುತ್ತದೆ. ಆ ಕಟ್ಟಡದಲ್ಲಿ ಲೆಕ್ಕ ನಿಂತದ್ದು ಇಲ್ಲಿಯೇ.

ಎಎಚ್‌ಯು ಮೂರು ಕೋಣೆಗೂ ಕಳಿಸುವುದು ಒಂದೇ ಮಿಶ್ರಣವನ್ನು. ಕಚೇರಿಗೆ ಬಿಸಿಲಿನ ಗೋಡೆಯಿರುವುದರಿಂದ ಅದು ಸೆಕೆಂಡಿಗೆ 700 ಲೀಟರ್ ತಂಪು ಗಾಳಿ ಎಳೆಯುತ್ತದೆ, ಅದರೊಡನೆ ತನಗೆ ಬೇಕಾದ್ದಕ್ಕಿಂತ ಹೆಚ್ಚಿನ ಹೊರಗಾಳಿಯನ್ನೂ ಪಡೆಯುತ್ತದೆ. ಹಾಲ್ ಕಟ್ಟಡದ ನಡುವೆ ಇದ್ದು ಹೊರಗೋಡೆ ಇಲ್ಲದ್ದರಿಂದ ಕೋಣೆಗೆ ಹೋಗುವ ಗಾಳಿಯನ್ನು ಬೇಕಾದಂತೆ ಹೆಚ್ಚುಕಡಿಮೆ ಮಾಡುವ ಅದರ ವಿಎವಿ ಬಾಕ್ಸ್ 300 ಲೀಟರಿಗೇ ನಿಲ್ಲುತ್ತದೆ. ಆ 300ರಲ್ಲಿ 214 ಲೀಟರ್ ಹೊರಗಾಳಿ ಬೇಕು, ಅಂದರೆ 0.713 ಭಾಗ. 150 ಲೀಟರ್ ಪಡೆಯುವ ಸಭಾಕೋಣೆಗೆ ಬೇಕಾದ ಭಾಗ 0.433, ಕಚೇರಿಯದ್ದು 0.157 ಮಾತ್ರ. ಭಾಗ ಅತಿ ಹೆಚ್ಚಿರುವ ಕೋಣೆಯೇ ನಿರ್ಣಾಯಕ ವಲಯ. ಕಚೇರಿಯಲ್ಲಿ ಬಳಕೆಯಾಗದೆ ಉಳಿದ ಹೊರಗಾಳಿ ರಿಟರ್ನ್ ಮೂಲಕ ಮರಳಿ ಬಂದು ಹಾಲ್‌ಗೆ ಒಂದಿಷ್ಟು ನೆರವಾಗುತ್ತದೆ, ಪೂರ್ತಿಯಾಗಿ ಅಲ್ಲ. ಈ ನೆರವನ್ನು ಲೆಕ್ಕಕ್ಕೆ ತರುವ ಸೂತ್ರ ಹೀಗಿದೆ:

```
Xs  = Vou / Vps
Ev  = 1 + Xs - Zpz
Vot = Vou / Ev
```

ಇಲ್ಲಿ `Vou` ಎಂದರೆ ನಮ್ಮ 302, `Vps` ಎಂದರೆ ಮೂರೂ ಬಾಕ್ಸ್‌ಗಳ ಒಟ್ಟು ಗಾಳಿ 1150, `Zpz` ಎಂದರೆ ನಿರ್ಣಾಯಕ ವಲಯದ 0.713. ಆಗ ದಕ್ಷತೆ `Ev` 0.55 ಆಗಿ, ಎಎಚ್‌ಯು ಒಳಗೆ ಎಳೆಯಬೇಕಾದ ಹೊರಗಾಳಿ `Vot` ಸುಮಾರು 550 ಲೀಟರ್ ಆಗುತ್ತದೆ. ಮೊದಲು ಬಿಟ್ಟಿದ್ದು ಇದರ ಅರ್ಧಕ್ಕಿಂತ ತುಸು ಹೆಚ್ಚು ಅಷ್ಟೇ.

ಹೊರಗೆ 42 ಡಿಗ್ರಿ ಇರುವಾಗ 550 ಲೀಟರ್ ಗಾಳಿಯನ್ನು ತಣಿಸುವುದು ದುಬಾರಿ. ನಿರ್ಣಾಯಕ ವಲಯದ ರೀಸೆಟ್, ಅಂದರೆ ಆ ಕೋಣೆಯ ಕನಿಷ್ಠ ಗಾಳಿಯನ್ನು ಮತ್ತೆ ಮತ್ತೆ ಹೊಂದಿಸುವುದು, ಬೇಕಾಗುವುದು ಇಲ್ಲಿಯೇ. ಹಾಲ್‌ನ ಬಾಕ್ಸ್‌ನ ಕನಿಷ್ಠ ಗಾಳಿಯನ್ನು 300ರಿಂದ 400ಕ್ಕೆ ಏರಿಸಿದರೆ ಅದರ ಭಾಗ 0.535ಕ್ಕೆ ಇಳಿದು, ದಕ್ಷತೆ 0.707ಕ್ಕೆ ಏರಿ, ಹೊರಗಾಳಿ 427 ಲೀಟರಿಗೆ ಇಳಿಯುತ್ತದೆ. ಕಡಿಮೆಯಾದ 123 ಲೀಟರನ್ನು 42ರಿಂದ 25 ಡಿಗ್ರಿಗೆ ಇಳಿಸುವ ಸುಮಾರು 2.5 ಕಿಲೋವ್ಯಾಟ್ ತಂಪಿನ ಹೊರೆ ಉಳಿಯುತ್ತದೆ. ಆದರೆ ಇನ್ನೂ ಏರಿಸುತ್ತಾ ಹೋದರೆ ಲಾಭ ಅದೇ ವೇಗದಲ್ಲಿ ಬರುವುದಿಲ್ಲ. 500ಕ್ಕೆ ತಂದಾಗ ಹಾಲ್‌ನ ಭಾಗ ಸಭಾಕೋಣೆಗಿಂತ ಕೆಳಗಿಳಿಯುತ್ತದೆ, ಈಗ ನಿರ್ಣಾಯಕ ವಲಯ ಸಭಾಕೋಣೆಯಾಗುತ್ತದೆ, ಹೊರಗಾಳಿ ನಿಲ್ಲುವುದು 382ರಲ್ಲಿ. ಎರಡನೆಯ ನೂರು ಲೀಟರಿಗೆ ಸಿಕ್ಕಿದ್ದು 45 ಮಾತ್ರ. ಆದ್ದರಿಂದ ನಿಯಂತ್ರಣ ಪ್ರೋಗ್ರಾಂ ಐದು ನಿಮಿಷಕ್ಕೊಮ್ಮೆ ಲೆಕ್ಕ ಹಾಕಿ, ನಿರ್ಣಾಯಕ ಕೋಣೆಯ ಕನಿಷ್ಠವನ್ನು ಸಣ್ಣ ಹೆಜ್ಜೆಯಲ್ಲಿ ಏರಿಸುತ್ತಾ, ಬೇರೊಂದು ಕೋಣೆ ನಿರ್ಣಾಯಕವಾದೊಡನೆ ನಿಲ್ಲಬೇಕು.

ನಿಲ್ಲಿಸಲು ಇನ್ನೊಂದು ಗಟ್ಟಿಯಾದ ಕಾರಣವಿದೆ. ಹೆಚ್ಚಿದ 100 ಲೀಟರ್ 13 ಡಿಗ್ರಿಯ ಗಾಳಿ ಹಾಲ್ ಅನ್ನು ಅಗತ್ಯಕ್ಕಿಂತ ತಂಪು ಮಾಡುತ್ತದೆ. ಅದನ್ನು ಸರಿಪಡಿಸಲು ಬಾಕ್ಸ್‌ನಲ್ಲಿರುವ ವಿದ್ಯುತ್ ಹೀಟರ್ ಓಡಿದರೆ ಅದೊಂದೇ 1.4 ಕಿಲೋವ್ಯಾಟ್ ನುಂಗುತ್ತದೆ. ಚಿಲ್ಲರ್‌ನಲ್ಲಿ ಉಳಿದ 2.5 ಕಿಲೋವ್ಯಾಟ್ ತಂಪಿಗೆ ಖರ್ಚಾಗುವ ವಿದ್ಯುತ್ ಒಂದು ಕಿಲೋವ್ಯಾಟಿಗಿಂತ ಕಡಿಮೆ. ಅಂದರೆ ಹೀಟರ್ ಓಡಿದ ಕ್ಷಣದಿಂದ ರೀಸೆಟ್ ನಷ್ಟದ ಬಾಬ್ತು. ಆದ ಕಾರಣ ಹಾಲ್‌ನ ಉಷ್ಣತೆ ಸೆಟ್‌ಪಾಯಿಂಟ್‌ಗಿಂತ ಒಂದು ಡಿಗ್ರಿ ಕೆಳಗಿಳಿದರೆ ಏರಿಕೆಯನ್ನು ಹಿಂದೆಗೆಯಬೇಕು, ಇಲ್ಲವೇ ಎಎಚ್‌ಯುವಿನಿಂದ ಹೊರಡುವ ಗಾಳಿಯ ಉಷ್ಣತೆಯನ್ನು ತುಸು ಏರಿಸಬೇಕು. ಹಾಗೆ ಮಾಡಿದರೆ ಕಚೇರಿ ಹೆಚ್ಚು ಗಾಳಿ ಕೇಳುತ್ತದೆಂಬುದು ನೆನಪಿರಲಿ. ಡಿಸೆಂಬರಿನ ಮುಂಜಾವು ಹೊರಗೆ 18 ಡಿಗ್ರಿ ಇರುವಾಗ ಹೊರಗಾಳಿಯೇ ಪುಕ್ಕಟೆ ತಂಪು; ಆಗ ರೀಸೆಟ್ ಅನ್ನು ನಿಲ್ಲಿಸಿಡುವುದೇ ಸರಿ.

ಪರೀಕ್ಷಿಸುವಾಗ ಹೊರಗಾಳಿಯ ದಾರಿಯನ್ನು ತೆರೆದು ಮುಚ್ಚುವ ಡ್ಯಾಂಪರ್ ಎಷ್ಟು ಶೇಕಡಾ ತೆರೆದಿದೆ ಎಂಬುದನ್ನು ನಂಬಬೇಡಿ. ಗಣಿಯ ಕಡೆಯಿಂದ ಬರುವ ಕೆಂಪು ಧೂಳು ಹೊರಗಾಳಿಯ ಫಿಲ್ಟರ್ ಮೇಲೆ ಕೂತರೆ ಡ್ಯಾಂಪರ್ ಅಲ್ಲಾಡದಿದ್ದರೂ ಗಾಳಿ ಕಡಿಮೆಯಾಗುತ್ತದೆ. ಬೇಸಿಗೆಯಲ್ಲಿ ಇದನ್ನು ಥರ್ಮಾಮೀಟರ್‌ನಿಂದಲೇ ಹಿಡಿಯಬಹುದು. ರಿಟರ್ನ್ 25, ಹೊರಗೆ 42 ಇದ್ದು, 1250 ಲೀಟರಿನಲ್ಲಿ 427 ಹೊರಗಾಳಿ ಬೆರೆತಿದ್ದರೆ ಮಿಶ್ರಣ 30.8 ಡಿಗ್ರಿ ತೋರಿಸಬೇಕು. ಕಾಯಿಲ್‌ಗೆ ಮುಂಚೆ ನಾಲ್ಕಾರು ಕಡೆ ಅಳೆದು ಸರಾಸರಿ ತೆಗೆಯಿರಿ. 28 ಡಿಗ್ರಿ ಬಂದರೆ ಹೊರಗಾಳಿ ಅರ್ಧಕ್ಕೆ ಇಳಿದಿದೆ. ಅದೇ ಧೂಳು ಬಾಕ್ಸ್‌ನ ಗಾಳಿ ಅಳೆಯುವ ಸಣ್ಣ ರಂಧ್ರಗಳನ್ನೂ ಮುಚ್ಚುತ್ತದೆ. ಆಗ ಗಾಳಿ ಸೊನ್ನೆಯೆಂದು ಓದಿದ ಪ್ರೋಗ್ರಾಂ ಆ ಕೋಣೆಯನ್ನು ನಿರ್ಣಾಯಕವೆಂದು ತಿಳಿದು ಹೊರಗಾಳಿ ಡ್ಯಾಂಪರ್ ಅನ್ನು ಪೂರ್ತಿ ತೆರೆದುಬಿಡುತ್ತದೆ. `Vot` ಬೆಲೆಗೆ 550ರ ಮಿತಿ ಹಾಕಿ, ಕೆಟ್ಟ ಬಾಕ್ಸ್ ಅನ್ನು ಲೆಕ್ಕದಿಂದ ಹೊರಗಿಡಲು ಇದೇ ಕಾರಣ.

ಕೊನೆಯ ಅಳತೆ ತುಂಬಿದ ಹಾಲ್‌ನಲ್ಲೇ ಆಗಬೇಕು. ರಿಟರ್ನ್ ಡಕ್ಟ್‌ನ ಸೆನ್ಸರ್ ಮೂರು ಕೋಣೆಗಳ ಬೆರಕೆಯನ್ನು ತೋರಿಸುವುದರಿಂದ ನಿರ್ಣಾಯಕ ಕೋಣೆಯ ಸ್ಥಿತಿ ಅದರಲ್ಲಿ ಮುಚ್ಚಿಹೋಗುತ್ತದೆ. ಈ ಹಾಲ್‌ಗೆ 1000 ಪಿಪಿಎಂ ಎಂಬ ರೂಢಿಯ ಗುರಿಯೂ ಹೊಂದುವುದಿಲ್ಲ. ಮಾನದಂಡದ 214 ಲೀಟರ್ ಸರಿಯಾಗಿ ಸಿಕ್ಕರೆ ಐವತ್ತು ಮಂದಿ ಕೂತ ಹಾಲ್ 1600ರ ಆಸುಪಾಸಿನಲ್ಲಿ ನೆಲೆ ನಿಲ್ಲುತ್ತದೆ. ನಾವು ಡ್ಯಾಂಪರ್ ಅನ್ನು 550ಕ್ಕೆ ಇಟ್ಟಾಗ ಹಾಲ್ 1600ಕ್ಕೆ ಇಳಿಯಿತು. ಬಳಿಕ ರೀಸೆಟ್ ಚಾಲೂ ಮಾಡಿ ಹೊರಗಾಳಿಯನ್ನು 427ಕ್ಕೆ ತಂದಾಗಲೂ ಅದು ಅಲ್ಲಿಯೇ ನಿಂತಿತು.