ಮೊದಲು ಚಿತ್ರ, ಆಮೇಲೆ ಮಾತು: ಮಗುವಿಗೆ ಕೊಡುವ ವಿಡಿಯೋ ಪರೀಕ್ಷಿಸುವುದು ಹೇಗೆ?

ಮೊದಲ ಒಂದು ನಿಮಿಷ ನೋಡಿ, ‘ಕಾರ್ಟೂನ್ ತಾನೇ’ ಎಂದು ಫೋನನ್ನು ಮಗುವಿನ ಕೈಗಿಟ್ಟು ಅಡುಗೆಮನೆಗೆ ಹೋಗುವವರನ್ನು ತುಂಬಾ ನೋಡಿದ್ದೇನೆ. ತೊಂದರೆ ಆ ಮೊದಲ ನಿಮಿಷದಲ್ಲಿ ಇರುವುದೇ ಕಡಿಮೆ.

ಯೂಟ್ಯೂಬ್‌ನ ‘Made for kids’ ಗುರುತನ್ನು ನಂಬಿ ಕೂರಬೇಡಿ. 2020ರ ಜನವರಿಯಲ್ಲಿ ಜಾರಿಗೆ ಬಂದ ಈ ನಿಯಮದ ಹಿಂದಿರುವುದು ಮಕ್ಕಳ ಮಾಹಿತಿ ಕಾಪಾಡುವ ಅಮೆರಿಕದ ಕಾಯ್ದೆ. ಸಾಮಾನ್ಯವಾಗಿ ವಿಡಿಯೋ ಹಾಕಿದವರೇ ಗುರುತನ್ನೂ ಹಾಕುತ್ತಾರೆ. ಅದಿದ್ದರೆ ಕಾಮೆಂಟ್ ಇರುವುದಿಲ್ಲ, ಮಗುವಿನ ಮಾಹಿತಿ ಹಿಡಿದು ಜಾಹೀರಾತು ತೋರಿಸುವುದಿಲ್ಲ. ಒಳಗಿರುವುದು ಯಾವ ವಯಸ್ಸಿಗೆ ಸರಿ ಎಂದು ಅದು ಹೇಳುವುದೇ ಇಲ್ಲ.

ಯೂಟ್ಯೂಬ್ ಕಿಡ್ಸ್‌ನಲ್ಲಿ 4ರವರೆಗೆ, 5ರಿಂದ 8, 9ರಿಂದ 12 ಎಂಬ ಗುಂಪುಗಳಿವೆ. ಅಲ್ಲಿಯೂ ಹೆಚ್ಚಿನ ಸೋಸುವಿಕೆ ಯಂತ್ರದ್ದು. 2017ರಲ್ಲಿ ‘ಎಲ್ಸಾಗೇಟ್’ ಎಂದು ಸುದ್ದಿಯಾಗಿದ್ದು ಇದಕ್ಕೇ: ಮಕ್ಕಳಿಗೆ ಗೊತ್ತಿರುವ ಪಾತ್ರಗಳನ್ನು ಇಟ್ಟುಕೊಂಡು ಹಿಂಸೆ, ಭಯ ತುಂಬಿದ ವಿಡಿಯೋಗಳು ಸೋಸುವಿಕೆ ದಾಟಿ ಬಂದಿದ್ದವು.

ಈಗ ಪರೀಕ್ಷೆ. ಮೊದಲ ಸುತ್ತು ಶಬ್ದ ಮುಚ್ಚಿ, ಚಿತ್ರ ಮಾತ್ರ. ಕೆಳಗಿನ ಕೆಂಪು ಗೆರೆ ಹಿಡಿದು ಬೆರಳನ್ನು ಮೇಲಕ್ಕೆ ಎಳೆಯಿರಿ, ಚಿತ್ರಗಳು ಸಾಲಾಗಿ ಬಿಚ್ಚಿಕೊಳ್ಳುತ್ತವೆ. ಆ ಸಾಲನ್ನು ನಿಧಾನವಾಗಿ ಕೊನೆತನಕ ಸರಿಸಿ. ಅಳುವ ಮುಖ, ಸೂಜಿ, ಕಟ್ಟಿಹಾಕಿದ ಕೈ, ರಕ್ತದಂತೆ ಕಾಣುವ ಬಣ್ಣ ಕಂಡಲ್ಲಿ ನಿಲ್ಲಿಸಿ, ಅರ್ಧ ನಿಮಿಷ ಹಿಂದಿನಿಂದ ನೋಡಿ.

ಎರಡನೇ ಸುತ್ತು ಮಾತು. ಇದನ್ನು ಬಹಳ ಜನ ಬಿಟ್ಟುಬಿಡುತ್ತಾರೆ, ಕನ್ನಡಕ್ಕೆ ಬೇಕಾಗಿರುವುದೇ ಇದು. ಮೊನ್ನೆ ಅಕ್ಕನ ಐದು ವರ್ಷದ ಮಗನಿಗೆಂದು 12 ನಿಮಿಷದ ಒಂದು ಪ್ರಾಣಿ ಕಾರ್ಟೂನ್ ತೆಗೆದೆ. ಚಿತ್ರದಲ್ಲಿ ಏನೂ ಇರಲಿಲ್ಲ. ಕರಡಿ, ಮೊಲ, ಹಣ್ಣಿನ ಗಾಡಿ. ಫೋನ್ ಕಿವಿಗೆ ಹಿಡಿದು ಕೇಳಿದರೆ, ಯಾರೋ ಅದಕ್ಕೆ ತಮಾಷೆಗೆಂದು ಬೇರೆ ಕನ್ನಡ ದನಿ ಕೂಡಿಸಿದ್ದರು. ಏಳನೇ ನಿಮಿಷದಲ್ಲಿ ಮೊಲ ಕರಡಿಗೆ ಅಮ್ಮನ ಹೆಸರೆತ್ತಿ ಬೈಯುತ್ತದೆ, ಆಮೇಲೆ ಡಬಲ್ ಮೀನಿಂಗ್ ಮಾತು. ಬೈಗುಳವನ್ನಾದರೂ ಯಂತ್ರ ಹಿಡಿಯಬಹುದು. ಗಾಡಿಯ ಹಣ್ಣು ತೋರಿಸಿ ಆಡಿದ ಡಬಲ್ ಮೀನಿಂಗ್‌ನಲ್ಲಿ ಒಂದೂ ಕೆಟ್ಟ ಪದವಿಲ್ಲ. ಅದು ಮನುಷ್ಯರ ಕಿವಿಗೇ ಬೀಳಬೇಕು. ಇಂಥ ಡಬ್ಬಿಂಗ್ ಕಂಡರೆ ಆ ಚಾನೆಲ್ಲನ್ನೇ ಬಿಟ್ಟುಬಿಡಿ.

ಸಮಯ ಇಲ್ಲದಿದ್ದರೆ ಒಂದೂವರೆ ಪಟ್ಟು ವೇಗದಲ್ಲಿ ಕೇಳಿ. ಎರಡು ಪಟ್ಟು ಬೇಡ, ಪಿಸುಮಾತು ತಪ್ಪಿಹೋಗುತ್ತದೆ.

ಇಷ್ಟು ಮಾಡಿದ ಮೇಲೆ ಕಿಡ್ಸ್ ಆ್ಯಪ್‌ನಲ್ಲಿ ಬೀಗದ ಗುರುತು ಒತ್ತಿ, ಮಗುವಿನ ಪ್ರೊಫೈಲ್‌ಗೆ ‘Approve content yourself’ ಆರಿಸಿ. ನೀವು ಒಪ್ಪಿದ್ದು ಮಾತ್ರ ಕಾಣುತ್ತದೆ, ಮಗುವಿಗೆ ಹುಡುಕಲೂ ಆಗುವುದಿಲ್ಲ. ಆದರೆ ಇಡೀ ಚಾನೆಲ್ ಒಪ್ಪಬೇಡಿ. ನಾಳೆ ಅವರು ಏನು ಹಾಕುತ್ತಾರೋ ನಿಮಗೆ ಗೊತ್ತಿಲ್ಲ ಅಲ್ವಾ? ಒಂದೊಂದೇ ವಿಡಿಯೋ ಸೇರಿಸಿ. ನಾನು ವಾರಕ್ಕೆ ಐದೇ ಸೇರಿಸುವುದು, ಮಗು ಹೇಗೂ ಅದನ್ನೇ ಮತ್ತೆ ಮತ್ತೆ ಕೇಳುತ್ತದೆ.