ಆರಿಫೈಸ್ ಫ್ಲೋಗೆ ರೂಟ್ ಯಾಕೆ ತೆಗೀಬೇಕು, ಕಮ್ಮಿ ಫ್ಲೋನಲ್ಲಿ ಲೂಪ್ ಯಾಕೆ ಕೈ ಕೊಡುತ್ತೆ

ಸಕ್ಕರೆ ಕಾರ್ಖಾನೆಯ ಕೋಜನ್ ಬಾಯ್ಲರ್‌ಗೆ ಹೋಗೋ ಫೀಡ್ ವಾಟರ್ ಲೈನನ್ನೇ ಉದಾಹರಣೆಗೆ ತಗೊಳ್ಳೋಣ. ಪೈಪಲ್ಲಿ ನಡುವೆ ತೂತಿರೋ ಆರಿಫೈಸ್ ಪ್ಲೇಟ್ ಇದೆ, ಅದರ ಎರಡೂ ಕಡೆಯಿಂದ ಪ್ರೆಶರ್ ತರೋ ಸಣ್ಣ ಇಂಪಲ್ಸ್ ಲೈನ್ ಬಂದು, ಆ ಎರಡು ಪ್ರೆಶರ್‌ಗಳ ವ್ಯತ್ಯಾಸ ಅಂದ್ರೆ ಡಿಪಿ ಅಳೆಯೋ ಟ್ರಾನ್ಸ್‌ಮಿಟರ್‌ಗೆ ಸೇರುತ್ತೆ. ಗಂಟೆಗೆ 100 ಟನ್ ನೀರು ಹರಿದಾಗ 2500 ಮಿ.ಮೀ. ನೀರಿನ ಕಾಲಂನಷ್ಟು ಡಿಪಿ ಬರೋ ಹಾಗೆ ಪ್ಲೇಟ್ ಸೈಜ್ ಮಾಡಿದಾರೆ ಅಂತ ಇಟ್ಕೊಳ್ಳಿ. ಈಗ ಫ್ಲೋ ಅರ್ಧ ಆಯ್ತು, 50 ಟನ್. ಡಿಪಿ ಎಷ್ಟಿರುತ್ತೆ? 1250 ಅಲ್ಲ, ಬರೀ 625. ತೂತಿನಲ್ಲಿ ನೀರಿನ ವೇಗ ಹೆಚ್ಚಾಗೋದಕ್ಕೆ ಬೇಕಾದ ಶಕ್ತಿ ಪ್ರೆಶರ್‌ನಿಂದಲೇ ಬರಬೇಕು, ಆ ಶಕ್ತಿ ವೇಗದ ವರ್ಗಕ್ಕೆ ತಕ್ಕಂತೆ ಇರುತ್ತೆ, ಹಾಗಾಗಿ ಡಿಪಿನೂ ಫ್ಲೋದ ವರ್ಗದ ಹಾಗೇ ಏರುತ್ತೆ ಇಳಿಯುತ್ತೆ. 10 ಟನ್‌ಗೆ ಬಂದ್ರೆ ಡಿಪಿ ಬರೀ 25 ಮಿ.ಮೀ., ಅಂದ್ರೆ ಸ್ಪ್ಯಾನ್‌ನ ನೂರರಲ್ಲಿ ಒಂದು ಭಾಗ. ಇದನ್ನ ವಾಪಸ್ ಫ್ಲೋ ಮಾಡಬೇಕಂದ್ರೆ ವರ್ಗಮೂಲ ತೆಗೀಲೇಬೇಕು:

Q = k × √ΔP

ಈ ರೂಟನ್ನ ಟ್ರಾನ್ಸ್‌ಮಿಟರ್ ಒಳಗೂ ತೆಗೀಬಹುದು, ಕಂಟ್ರೋಲ್ ರೂಮಿನ ಕಂಪ್ಯೂಟರ್ ಸಿಸ್ಟಮ್ ಆದ ಡಿಸಿಎಸ್‌ನಲ್ಲೂ ತೆಗೀಬಹುದು, ಆದ್ರೆ ಒಂದೇ ಕಡೆ ತೆಗೀಬೇಕು. ಮೊದಲು ಮಾಡಬೇಕಾದ ಕೆಲಸ ಇದನ್ನ ಚೆಕ್ ಮಾಡೋದು. ಫ್ಲೋ ಅಳೆದು ವಾಲ್ವ್ ನಡೆಸೋ ಕಂಟ್ರೋಲ್ ಲೂಪನ್ನ ಮ್ಯಾನ್ಯುವಲ್‌ಗೆ ಹಾಕಿಸಿ, ಟ್ರಾನ್ಸ್‌ಮಿಟರನ್ನ ಲೈನಿಂದ ಐಸೊಲೇಟ್ ಮಾಡಿ, ಹೈ ಸೈಡ್‌ಗೆ ಹ್ಯಾಂಡ್ ಪಂಪ್‌ನಿಂದ 625 ಮಿ.ಮೀ. ಕೊಡಿ. ಔಟ್‌ಪುಟ್ 8 ಮಿಲಿಆಂಪ್ ಬಂದ್ರೆ ಟ್ರಾನ್ಸ್‌ಮಿಟರ್ ಲೀನಿಯರ್, ರೂಟ್ ಡಿಸಿಎಸ್‌ನಲ್ಲಿ ಇರಬೇಕು. 12 ಬಂದ್ರೆ ರೂಟ್ ಆಗಲೇ ತೆಗೆದಾಗಿದೆ. ಎರಡರಲ್ಲಿ ಯಾವುದಾದ್ರೂ ಸರಿ, ಕಂಟ್ರೋಲ್ ರೂಮ್ ಸ್ಕ್ರೀನಲ್ಲಿ ಮಾತ್ರ 50 ಟನ್ ಕಾಣಬೇಕು. 25 ತೋರಿಸಿದ್ರೆ ಎಲ್ಲೂ ರೂಟ್ ಇಲ್ಲ, 70.7 ತೋರಿಸಿದ್ರೆ ಎರಡೂ ಕಡೆ ಇದೆ. ಇದನ್ನ ಬರೀ 0 ಮತ್ತು 100ರಲ್ಲಿ ಚೆಕ್ ಮಾಡಿದ್ರೆ ಏನೂ ಗೊತ್ತಾಗಲ್ಲ, ಯಾಕಂದ್ರೆ ಆ ಎರಡು ಪಾಯಿಂಟಲ್ಲಿ ರೂಟ್ ಇದ್ರೂ ಇಲ್ದಿದ್ರೂ ಎರಡು ಸಲ ಇದ್ರೂ ರೀಡಿಂಗ್ ಒಂದೇ. ಟ್ರಾನ್ಸ್‌ಮಿಟರ್ ಬದಲಾಯಿಸಿದ ದಿನ ಈ ತಪ್ಪು ಸುಲಭವಾಗಿ ನುಸುಳುತ್ತೆ, ಹೊಸದರಲ್ಲಿ ರೂಟ್ ಆನ್ ಇರುತ್ತೆ, ಡಿಸಿಎಸ್ ಬ್ಲಾಕಲ್ಲಿ ಇರೋದನ್ನ ಯಾರೂ ನೋಡಿರಲ್ಲ.

ಈಗ ಗೇನ್ ವಿಷಯಕ್ಕೆ ಬರೋಣ. ರೂಟ್ ತೆಗೀದೆ ಡಿಪಿಯನ್ನೇ ಕಂಟ್ರೋಲರ್‌ಗೆ ಕೊಟ್ರೆ ಏನಾಗುತ್ತೆ? ಪೂರ್ತಿ ಫ್ಲೋ ಹತ್ತಿರ ಫ್ಲೋ 1% ಬದಲಾದ್ರೆ ಸಿಗ್ನಲ್ ಹತ್ತತ್ರ 2% ಅಲ್ಲಾಡುತ್ತೆ. 50%ನಲ್ಲಿ 1%ಗೆ 1%. 10%ನಲ್ಲಿ ಮಾತ್ರ ಬರೀ 0.2%. ಅಂದ್ರೆ ಅಳತೆಯ ಗೇನ್ 2ರಿಂದ 0.2ಕ್ಕೆ ಇಳಿಯುತ್ತೆ, ಹತ್ತು ಪಟ್ಟು ವ್ಯತ್ಯಾಸ, ಅದರ ಜೊತೆ ಇಡೀ ಲೂಪ್‌ದೂ ಅಷ್ಟೇ. ಫುಲ್ ಲೋಡಲ್ಲಿ ಟ್ಯೂನ್ ಮಾಡಿದ ಲೂಪ್ ಕಮ್ಮಿ ಫ್ಲೋನಲ್ಲಿ ನಿದ್ದೆ ಹೋದ ಹಾಗಿರುತ್ತೆ, ಸೆಟ್‌ಪಾಯಿಂಟ್ ಬದಲಾಯಿಸಿ ಕಾಯ್ತಾ ಕೂರಬೇಕು. ಹಾಗಂತ ಕಮ್ಮಿ ಫ್ಲೋನಲ್ಲಿ ಗೇನ್ ಏರಿಸಿ ಚುರುಕು ಮಾಡಿದ್ರೆ ಲೋಡ್ ಏರಿದ ತಕ್ಷಣ ಫ್ಲೋ ಏರ್ತಾ ಇಳಿತಾ ತೂಗಾಡೋ ಹಂಟಿಂಗ್ ಶುರು.

ರೂಟ್ ಹಾಕಿದಾಗ ಇದು ಸರಿಹೋಗುತ್ತೆ, ಯಾಕಂದ್ರೆ ರೂಟ್‌ನ ಸ್ವಂತ ಗೇನ್ ಇದರ ಉಲ್ಟಾ ಹೋಗುತ್ತೆ: 100%ನಲ್ಲಿ 0.5, 50%ನಲ್ಲಿ 1, 10%ನಲ್ಲಿ 5. ಎರಡನ್ನೂ ಗುಣಿಸಿದ್ರೆ ಎಲ್ಲಾ ಕಡೆ 1. ಹಾಗಾಗಿ "ರೂಟ್ ಹಾಕಿದ್ರೆ ಕಮ್ಮಿ ಫ್ಲೋನಲ್ಲಿ ಲೂಪ್ ಗೇನ್ ಜಾಸ್ತಿ ಆಗುತ್ತೆ" ಅಂತ ಹೇಳೋದು ಅರ್ಧ ಸತ್ಯ ಅಷ್ಟೇ. ನಿಜವಾದ ಫ್ಲೋ ಬದಲಾವಣೆಗೆ ಗೇನ್ ಜಾಸ್ತಿ ಆಗಲ್ಲ, ಒಂದೇ ಸಮ ಇರುತ್ತೆ (ವಾಲ್ವ್ ಕ್ಯಾರೆಕ್ಟರಿಸ್ಟಿಕ್‌ನಿಂದ ಬರೋ ವ್ಯತ್ಯಾಸ ಬೇರೆ ಲೆಕ್ಕ). ಜಾಸ್ತಿ ಆಗೋದು ಆರಿಫೈಸ್ ಆದಮೇಲೆ, ರೂಟ್‌ಗೆ ಮುಂಚೆ ಒಳಗೆ ಸೇರೋ ಕಸಕ್ಕೆ. ಇಂಪಲ್ಸ್ ಲೈನಿನ ಅಲುಗಾಟ, ಟ್ರಾನ್ಸ್‌ಮಿಟರ್‌ನ ಜೀರೋ ಶಿಫ್ಟ್, ಇವಕ್ಕೆ ಆರಿಫೈಸ್‌ನ ವರ್ಗದ ಹೊಡೆತ ಬಿದ್ದೇ ಇಲ್ಲ, ರೂಟ್ ಮಾತ್ರ ಪೂರ್ತಿ ದೊಡ್ಡದು ಮಾಡಿ ಕೊಡುತ್ತೆ.

ಡಿಪಿಯಲ್ಲಿ ±5 ಮಿ.ಮೀ. ನಾಯ್ಸ್ ಇದೆ ಅಂದ್ಕೊಳ್ಳಿ, ಸ್ಪ್ಯಾನ್‌ನ 0.2%. 80 ಟನ್ ಹರೀವಾಗ ರೀಡಿಂಗ್ ಅಲ್ಲಾಡೋದು ಟನ್‌ನ ಎಂಟನೇ ಒಂದು ಭಾಗ, ಯಾರ ಕಣ್ಣಿಗೂ ಬೀಳಲ್ಲ. 10 ಟನ್‌ನಲ್ಲಿ ಅದೇ 5 ಮಿ.ಮೀ.ಗೆ ರೀಡಿಂಗ್ 8.9ರಿಂದ 11ರವರೆಗೆ ಓಡಾಡುತ್ತೆ. 5 ಟನ್‌ಗೆ ಇಳಿದ್ರೆ 2.2ರಿಂದ 6.7. ಟ್ರೆಂಡಲ್ಲಿ ಗರಗಸದ ಹಲ್ಲಿನ ಹಾಗೆ ಕಾಣೋದು ಇದೇ, ಕಂಟ್ರೋಲರ್ ಅದನ್ನ ನಿಜ ಅಂತ ನಂಬಿ ವಾಲ್ವನ್ನ ಅಲ್ಲಾಡಿಸ್ತಾ ಕೂರುತ್ತೆ, ಗ್ಲ್ಯಾಂಡ್ ಪ್ಯಾಕಿಂಗ್ ಸವೆಯುತ್ತೆ.

ಜೀರೋ ಶಿಫ್ಟ್ ಇನ್ನೂ ತಮಾಷೆ, ಅದು ಲೂಪ್ ಗೇನನ್ನೇ ಬದಲಾಯಿಸುತ್ತೆ. ಇಂಪಲ್ಸ್ ಲೈನಿನ ಎರಡು ಕಾಲುಗಳಲ್ಲಿ ಹೈ ಸೈಡ್‌ನದ್ದರಲ್ಲಿ ಗಾಳಿ ಗುಳ್ಳೆ ಸಿಕ್ಕಿಕೊಂಡು 5 ಮಿ.ಮೀ. ಎತ್ತರದ ನೀರು ಕಮ್ಮಿ ಆಯ್ತು ಅನ್ನಿ. 50 ಟನ್‌ನಲ್ಲಿ 49.8 ತೋರಿಸುತ್ತೆ, ಪರವಾಗಿಲ್ಲ. 5 ಟನ್‌ನಲ್ಲಿ ನಿಜವಾದ ಡಿಪಿನೇ 6.25 ಮಿ.ಮೀ., ಅದರಲ್ಲಿ 5 ಹೋದ್ರೆ 1.25 ಉಳಿತು, ರೀಡಿಂಗ್ 2.2 ಟನ್. ಅಲ್ಲಿ ಫ್ಲೋ ಸ್ವಲ್ಪ ಅಲ್ಲಾಡಿದ್ರೂ ರೀಡಿಂಗ್ ಅದರ 2.2 ಪಟ್ಟು ಅಲ್ಲಾಡುತ್ತೆ, ಅಂದ್ರೆ ಲೂಪ್ ಗೇನ್ ಎರಡು ಪಟ್ಟಿಗೂ ಮೇಲೆ ಹೋಯ್ತು. ಗುಳ್ಳೆ ಲೋ ಸೈಡಲ್ಲಿದ್ರೆ ಉಲ್ಟಾ, ಗೇನ್ 0.75ಕ್ಕೆ ಇಳಿಯುತ್ತೆ, ನೀರು ನಿಂತ ಮೇಲೂ ಸ್ಕ್ರೀನಲ್ಲಿ 4.5 ಟನ್ ನಿಂತಿರುತ್ತೆ. ಪಂಪ್ ಬಂದ್ ಆದ್ರೂ ಫ್ಲೋ ತೋರಿಸ್ತಿದೆ ಅಂತ ಆಪರೇಟರ್ ಫೋನ್ ಮಾಡಿದ್ರೆ ಮೊದಲು ಅನುಮಾನಿಸಬೇಕಾದ್ದು ಇದನ್ನೇ.

ಸರಿಪಡಿಸೋದಕ್ಕೆ ಮೊದಲು ಜೀರೋ ನೋಡಿ. ಲೂಪ್ ಮ್ಯಾನ್ಯುವಲ್‌ನಲ್ಲಿ ಇರಲಿ, ಮ್ಯಾನಿಫೋಲ್ಡಲ್ಲಿ ಲೋ ಸೈಡ್ ವಾಲ್ವ್ ಮುಚ್ಚಿ, ನಡುವಿನ ಈಕ್ವಲೈಸರ್ ತೆಗೀರಿ, ಹೈ ಸೈಡ್ ತೆಗೆದೇ ಇರಲಿ. ಹೀಗೆ ಲೈನ್ ಪ್ರೆಶರ್ ಮೇಲೇ ಜೀರೋ ಟ್ರಿಮ್ ಮಾಡಿದ್ರೆ ಸ್ಟ್ಯಾಟಿಕ್ ಪ್ರೆಶರ್‌ನಿಂದ ಬರೋ ಶಿಫ್ಟೂ ಹೋಗುತ್ತೆ. ಆದ್ರೆ ಇಂಪಲ್ಸ್ ಲೈನ್ ಒಳಗಿರೋ ಗುಳ್ಳೆ ಇದರಿಂದ ಗೊತ್ತಾಗಲ್ಲ, ಅದಕ್ಕೆ ವೆಂಟ್ ಬಿಚ್ಚಿ ಗಾಳಿ ತೆಗೀಬೇಕು, ಅದೂ ಲೈನ್ ಪೂರ್ತಿ ಐಸೊಲೇಟ್ ಆಗಿ ಪ್ರೆಶರ್ ಇಳಿದು ತಣ್ಣಗಾದ ಮೇಲೆ.

ಆಮೇಲೆ ಲೋ ಫ್ಲೋ ಕಟ್‌ಆಫ್. ರೂಟ್‌ನ ಸ್ಲೋಪ್ ಸೊನ್ನೆ ಹತ್ತಿರ ಅನಂತಕ್ಕೆ ಹೋಗೋದ್ರಿಂದ ಒಂದು ಮಿತಿಗಿಂತ ಕೆಳಗೆ ರೀಡಿಂಗನ್ನ ಸೊನ್ನೆಗೆ ಬೀಳಿಸ್ತಾರೆ, ಕೆಲವು ಟ್ರಾನ್ಸ್‌ಮಿಟರ್‌ಗಳು ಆ ತುಂಡಲ್ಲಿ ರೂಟ್ ಬಿಟ್ಟು ನೇರ ಗೆರೆ ಹಾಕುತ್ತವೆ. ಡಿಪಿ 0.6% ಹತ್ತಿರ ಕಟ್‌ಆಫ್ ಇಟ್ರೆ ಫ್ಲೋ ಲೆಕ್ಕದಲ್ಲಿ ಅದು 7.7%, ಕಮ್ಮಿ ಏನಲ್ಲ. ಸೆಟ್‌ಪಾಯಿಂಟ್ ಕಟ್‌ಆಫ್ ಹತ್ತಿರ ಇರಲೇಬಾರದು, ಇದ್ರೆ ರೀಡಿಂಗ್ ಸೊನ್ನೆಗೂ 7.7ಕ್ಕೂ ಹಾರ್ತಾ ವಾಲ್ವ್ ತೆಗಿತಾ ಮುಚ್ತಾ ಇರುತ್ತೆ, ಅದನ್ನ ಟ್ಯೂನಿಂಗ್‌ನಿಂದ ಯಾರೂ ಸರಿಮಾಡೋಕಾಗಲ್ಲ.

ಡ್ಯಾಂಪಿಂಗ್ ಏರಿಸೋದು ಎಲ್ಲರಿಗೂ ಮೊದಲು ಹೊಳೆಯೋ ಉಪಾಯ, ನಂಗೆ ಅಷ್ಟು ಇಷ್ಟ ಇಲ್ಲ. ಟ್ರಾನ್ಸ್‌ಮಿಟರ್‌ನ ಡ್ಯಾಂಪಿಂಗ್ ಡಿಪಿ ಮೇಲೆ, ರೂಟ್‌ಗೆ ಮುಂಚೆ ಕೂತಿದ್ರೆ 3 ಸೆಕೆಂಡ್ ಕೊಟ್ಟಿದ್ದು ಫ್ಲೋ ನಿಂತಾಗ 6 ಸೆಕೆಂಡಿನ ಹಾಗೆ ವರ್ತಿಸುತ್ತೆ, ಫ್ಲೋ ಸೊನ್ನೆಯಿಂದ ಏರುವಾಗ ಮಾತ್ರ ಬೇಗ ಏರುತ್ತೆ. ಫೀಡ್ ವಾಟರ್‌ನಂಥ ಫಾಸ್ಟ್ ಲೂಪ್‌ಗೆ ಇದು ಹೊಸ ತಲೆನೋವು.

ನಿಜಕ್ಕೂ ಕಮ್ಮಿ ಫ್ಲೋನಲ್ಲಿ ಓಡಿಸಲೇಬೇಕಂದ್ರೆ ಅದೇ ಟ್ಯಾಪಿಂಗ್‌ಗೆ 0–250 ಮಿ.ಮೀ.ನ ಇನ್ನೊಂದು ಟ್ರಾನ್ಸ್‌ಮಿಟರ್ ಹಾಕಿ, 30 ಟನ್‌ಗಿಂತ ಕೆಳಗೆ ಅದನ್ನ ಬಳಸಿ. 10 ಟನ್‌ನ 25 ಮಿ.ಮೀ. ಅಲ್ಲಿ ಸ್ಪ್ಯಾನ್‌ನ 10% ಆಗುತ್ತೆ, ಟ್ರಾನ್ಸ್‌ಮಿಟರ್ ಎರರ್ ಕಮ್ಮಿ ಆಗುತ್ತೆ, ಆದ್ರೆ ಇಂಪಲ್ಸ್ ಲೈನಿನ ಗುಳ್ಳೆ ಅಷ್ಟೇ ಮಿಲಿಮೀಟರ್ ಇರುತ್ತೆ. ಬಾಯ್ಲರ್‌ನಲ್ಲಂತೂ ಸ್ಟಾರ್ಟಪ್ ಟೈಮಲ್ಲಿ ಫ್ಲೋ ರೀಡಿಂಗನ್ನ ನಂಬೋದೇ ಇಲ್ಲ. ಲೋಡ್ ಸುಮಾರು 25–30% ದಾಟೋವರೆಗೆ ಡ್ರಮ್ ಲೆವೆಲ್ ಒಂದನ್ನೇ ನೋಡೋ ಸಿಂಗಲ್ ಎಲಿಮೆಂಟ್‌ನಲ್ಲಿ ಓಡಿಸಿ, ಆಮೇಲೆ ಲೆವೆಲ್ ಜೊತೆ ಸ್ಟೀಮ್ ಫ್ಲೋ, ಫೀಡ್ ವಾಟರ್ ಫ್ಲೋನೂ ನೋಡೋ ತ್ರೀ ಎಲಿಮೆಂಟ್‌ಗೆ ಹೋಗೋದು, ಹೋಗೋ ಪಾಯಿಂಟ್ ಮತ್ತೆ ವಾಪಸ್ ಬರೋ ಪಾಯಿಂಟ್ ಮಧ್ಯೆ ನಾಲ್ಕೈದು ಪರ್ಸೆಂಟ್ ಅಂತರ ಬಿಡೋದು.