ಮಗುವಿನ ಬಾಯಲ್ಲಿ ದೊಡ್ಡವರ ಕಥೆ: ಬರೆಯೋದು ಹೇಗೆ?

ಮಗು ಕಥೆ ಹೇಳುತ್ತಿದೆ, ಮನೆಯಲ್ಲಿ ಏನೋ ನಡೆಯುತ್ತಿದೆ. ಹೊಸಬರು ಇಲ್ಲಿ ತಕ್ಷಣ ಬರೆಯುವ ಸಾಲು ಒಂದೇ: ‘ಅಮ್ಮ ಯಾಕೆ ಅಳುತ್ತಿದ್ದಳೋ ನನಗೆ ಗೊತ್ತಾಗಲಿಲ್ಲ.’ ಆ ಸಾಲು ಬೇಡ. ಗೊತ್ತಾಗಲಿಲ್ಲ ಅಂದ ಕೂಡಲೇ ಓದುಗ ಎಚ್ಚೆತ್ತುಕೊಳ್ಳುತ್ತಾನೆ, ಲೇಖಕ ಹಿಂದೆ ನಿಂತು ಕಣ್ಣು ಮಿಟುಕಿಸಿದ ಹಾಗಾಗುತ್ತದೆ. ಮಗುವಿಗೆ ಎಲ್ಲಾ ಗೊತ್ತಾಗಿದೆ, ಆದರೆ ತಪ್ಪಾಗಿ. ಹಾಗೆ ಬರೆಯಬೇಕು.

ಮೊದಲು ದೊಡ್ಡವರ ಘಟನೆಯನ್ನು ನಿಮಗೋಸ್ಕರ ಮಾತ್ರ ನೇರವಾಗಿ ಬರೆದಿಟ್ಟುಕೊಳ್ಳಿ. ಉದಾಹರಣೆಗೆ: ಅಪ್ಪನ ಅಂಗಡಿ ಮುಚ್ಚಿದೆ, ಅಮ್ಮನ ಚಿನ್ನದ ಬಳೆ ಗಿರವಿಗೆ ಹೋಗಿದೆ, ನೆಂಟರಿಗೆ ಇದು ತಿಳಿಯಬಾರದು. ಈ ಮಾತು ಕಥೆಯಲ್ಲಿ ಎಲ್ಲೂ ಬರುವುದಿಲ್ಲ.

ಆಮೇಲೆ ಮಗುವಿಗೆ ಅದರದ್ದೇ ಒಂದು ಆಸೆ ಕೊಡಿ. ನಮ್ಮ ಹುಡುಗಿಗೆ ಏಳು ವರ್ಷ, ಅವಳ ತಲೆ ತುಂಬ ಶಾಲೆಯ ಪ್ರವಾಸ. ಹಾಗಾಗಿ ಏನು ಕಂಡರೂ ಅದಕ್ಕೇ ಗಂಟು ಹಾಕುತ್ತಾಳೆ. ದೇವರ ಪಟದ ಹಿಂದೆ ಅಪ್ಪ ಗಿರವಿ ಚೀಟಿ ಇಟ್ಟು ‘ಇದು ಕಳೆದರೆ ಎಲ್ಲಾ ಹೋಯ್ತು’ ಅಂದರೆ, ಅದು ಪ್ರವಾಸದ ಚೀಟಿಯೇ ಇರಬೇಕು ಅಂತ ದಿನಾ ಕೈಮುಗಿಯುತ್ತಾಳೆ. ಅವಳ ಲೆಕ್ಕ ತಪ್ಪು, ಆದರೆ ಅವಳ ಮಟ್ಟಿಗೆ ಸರಿಯಾಗೇ ಇದೆ, ಅಲ್ವಾ?

ಇನ್ನು ಸುಳಿವು. ಮಗುವಿನ ವಿವರಣೆ ತಪ್ಪಿರಬಹುದು, ಕಣ್ಣು ಕಿವಿ ಮಾತ್ರ ತಪ್ಪಬಾರದು. ಮದುವೆ ಛತ್ರದ ಈ ದೃಶ್ಯ ನೋಡಿ:

‘ಛತ್ರದಲ್ಲಿ ಎಲ್ಲರೂ ಬೀಸಣಿಗೆ ಬೀಸಿಕೊಳ್ಳುತ್ತಿದ್ದರು. ಅಮ್ಮನಿಗೆ ಮಾತ್ರ ಚಳಿ. ಸೆರಗು ಎಳೆದು ಕೈ ಮುಚ್ಚಿಕೊಂಡಿದ್ದಳು. ಅತ್ತೆ ಬಂದು ಕೈ ಹಿಡಿದು, ಹಸಿರು ಬಳೆ ಚೆನ್ನಾಗಿದೆ ಕಣೇ ಅಂದರು. ನನಗೆ ಖುಷಿಯಾಯ್ತು. ಅದನ್ನು ಆರಿಸಿದ್ದು ನಾನೇ ಅಂದೆ. ಅಮ್ಮ ನನ್ನ ಕೈ ಚಿವುಟಿದಳು.’

ಬೀಸಣಿಗೆ, ಸೆರಗು, ಅತ್ತೆಯ ಕುಹಕ, ಎಲ್ಲಾ ಇದೆ. ಹುಡುಗಿಗೆ ಸಿಕ್ಕಿದ್ದು ಹೊಗಳಿಕೆ ಮಾತ್ರ. ಅವಳ ಖುಷಿ ಜಾಸ್ತಿಯಾದಷ್ಟೂ ಓದುಗನಿಗೆ ಕಷ್ಟ. ‘ಅತ್ತೆ ವ್ಯಂಗ್ಯವಾಗಿ ಅಂದರು’ ಅಂತ ಒಂದು ಪದ ಸೇರಿಸಿ ನೋಡಿ, ದೃಶ್ಯವೇ ಕೆಡುತ್ತದೆ, ಯಾಕೆಂದರೆ ವ್ಯಂಗ್ಯ ಗೊತ್ತಾಗುವ ಮಗುವಿಗೆ ಗಿರವಿಯೂ ಗೊತ್ತಾಗಿಬಿಡುತ್ತದೆ.

ವಯಸ್ಸು ನೋಡಿಕೊಳ್ಳಿ. ಏಳಕ್ಕೆ ಸಲ್ಲುವ ಈ ತಪ್ಪು ಹನ್ನೊಂದಕ್ಕೆ ಸಲ್ಲದು. ಆ ವಯಸ್ಸಿಗೆ ಅರ್ಧ ಗೊತ್ತಿದ್ದೂ ಸುಮ್ನಿರುತ್ತಾರೆ. ಅದು ಬೇರೆಯದೇ ಕಥೆ. ಮುದ್ದು ಮುದ್ದಾದ ತೊದಲು ಮಾತಂತೂ ಬೇಡವೇ ಬೇಡ, ಎರಡು ಪುಟದಲ್ಲಿ ಓದುಗನಿಗೆ ಸಾಕಾಗಿಹೋಗುತ್ತದೆ.

ಬರೆದಾದ ಮೇಲೆ ಕಥೆ ಗೊತ್ತಿಲ್ಲದ ಒಬ್ಬರಿಗೆ ಓದಲು ಕೊಟ್ಟು, ಬಳೆ ಎಲ್ಲಿ ಹೋಯಿತು ಅಂತ ಕೇಳಿ. ಹೊಳೆಯಲೇ ಇಲ್ಲ ಅಂದರೆ ಮಗು ಕಂಡ ವಸ್ತು ಅಥವಾ ಕೇಳಿದ ಮಾತು ಇನ್ನೊಂದನ್ನು ಸೇರಿಸಿ, ವಿವರಣೆ ಬೇಡ. ಮೊದಲ ಪ್ಯಾರಾದಲ್ಲೇ ಹೊಳೆದುಬಿಟ್ಟರೆ ಚೀಟಿಯನ್ನು ಛತ್ರದ ದೃಶ್ಯ ಮುಗಿದ ಮೇಲೆ ತನ್ನಿ.